ಟೇಬಲ್ ಟಾಪ್ ಬೇಸಿನ್ ಕೊಂಡಾಯ್ತು, ಈಗ ಸ್ಲ್ಯಾಬ್ ಎಷ್ಟು ಎತ್ತರಕ್ಕೆ?

ಪ್ರಶ್ನೆ: 6 ಇಂಚು ಎತ್ತರದ ಟೇಬಲ್ ಟಾಪ್ ಬೇಸಿನ್ ತಂದಿದ್ದೇನೆ. ಮೇಸ್ತ್ರಿ ಗ್ರಾನೈಟ್ ಸ್ಲ್ಯಾಬನ್ನು ನೆಲದಿಂದ 32 ಇಂಚಿಗೆ ಕೂರಿಸೋಣ ಅಂತಾರೆ. ಗೋಡೆಯಲ್ಲಿ ವೇಸ್ಟ್ ಪೈಪಿನ ಬಾಯಿ 22 ಇಂಚಿನಲ್ಲಿದೆ. ಗೋಡೆಗೆ ಟೈಲ್ಸ್ ಇನ್ನೂ ಹಾಕಿಲ್ಲ. ಮನೆಯವರು ಇದು ಬೇಡ, ವಾಲ್ ಹಂಗ್ ಅಥವಾ ಪೆಡೆಸ್ಟಲ್ ಹಾಕಿಸಿ ಅಂತಾರೆ. ಯಾವುದು ಸರಿ? ನಲ್ಲಿ ಯಾವುದು ತರಬೇಕು?

ಪ್ಲಂಬರ್: ಸರ್, 32ಕ್ಕೆ ಕೂರಿಸಬೇಡಿ. ಅದರ ಮೇಲೆ 6 ಇಂಚಿನ ಬೇಸಿನ್ ಇಟ್ಟರೆ ಅಂಚು 38 ಇಂಚಿಗೆ ಬರುತ್ತೆ. ಮುಖ ತೊಳೆಯುವಾಗ ನೀರು ಮೊಣಕೈಯಿಂದ ಇಳಿದು ಅಂಗಿ ಒಳಗೆ ಹೋಗುತ್ತೆ. ಯಾವ ಬೇಸಿನ್ ಆದ್ರೂ ಅಂಚು 32ರಿಂದ 34 ಇಂಚಿನಲ್ಲಿದ್ದರೆ ಕೈಗೆ ಹಿತ. ಹಾಗಾಗಿ ನಿಮ್ಮ ಸ್ಲ್ಯಾಬಿನ ಮೇಲ್ಮೈ 27 ಇಂಚಿಗೆ ಬರಬೇಕು. ಈ ಅಳತೆ ಟೈಲ್ಸ್ ಹಾಕಿದ ನೆಲದಿಂದ, ಬರೀ ಕಾಂಕ್ರೀಟಿನಿಂದಲ್ಲ.

ಆದರೆ ಸ್ಲ್ಯಾಬ್ ಇಳಿಸಿದ ಕೂಡಲೇ ನಿಮ್ಮ 22 ಇಂಚಿನ ಬಾಯಿ ತೊಂದರೆ ಕೊಡುತ್ತೆ. ಬೇಸಿನ್ನಿನ ತಳ ಸುಮಾರು 27½ರಲ್ಲಿ. ಅಲ್ಲಿಂದ ತಳದ ತೂತಿಗೆ ಕೂರಿಸುವ ವೇಸ್ಟ್ ಕಪ್ಲಿಂಗ್ 3 ಇಂಚು ಕೆಳಗೆ ಇಳಿಯುತ್ತೆ, ಅಂದರೆ 24½. ಅದರ ಕೆಳಗೆ ಬಾಟಲ್ ಟ್ರ್ಯಾಪ್, ಅಂದರೆ ಚರಂಡಿ ವಾಸನೆ ಬರದಂತೆ ಸ್ವಲ್ಪ ನೀರು ನಿಲ್ಲಿಸಿಕೊಳ್ಳುವ ಬಟ್ಟಲು. ಅದರ ನಟ್ಟಿನಿಂದ ಪಕ್ಕದ ಬಾಯಿಗೆ ಇನ್ನೊಂದು 3 ಇಂಚು ಹಿಡಿಯಿರಿ. ಟ್ರ್ಯಾಪಿನ ಬಾಯಿ 21½ಕ್ಕೆ ಬಂತು, ಗೋಡೆಯದು 22ರಲ್ಲಿದೆ. ನೀರು ಅರ್ಧ ಇಂಚು ಹತ್ತಬೇಕು! ಒಳ್ಳೆಯದಾಯಿತು, ಟೈಲ್ಸ್ ಹಾಕಿಲ್ಲ. ಈಗಲೇ ಗೋಡೆ ಕೊರೆಸಿ ಬಾಯನ್ನು 18ಕ್ಕೆ ಇಳಿಸಿ.

ಸದಸ್ಯ 1: ಅಷ್ಟೆಲ್ಲ ಯಾಕೆ ಅಣ್ಣ? ಬಗ್ಗುವ ಜರಿ ಪೈಪ್ ಹಾಕಿದರೆ ಮುಗೀತು. ಯಾವ ಎತ್ತರಕ್ಕೂ ಹೊಂದುತ್ತೆ.

ಪ್ಲಂಬರ್: ಇವರ ಅಳತೆಗೆ ನೀರು ಹೋಗುತ್ತೆ, ಸುಳ್ಳಲ್ಲ. ಕಪ್ಲಿಂಗಿನ ತುದಿ 24½ರಲ್ಲಿದೆ, ಗೋಡೆ ಬಾಯಿ ಅದಕ್ಕಿಂತ ಕೆಳಗಿದೆ. ಆದರೆ ಆ ಪೈಪನ್ನು ಕೆಳಗೆ ಬಗ್ಗಿಸಿ ನೀರು ನಿಲ್ಲುವಂತೆ ಕಟ್ಟಬೇಕು. ಇಲ್ಲದಿದ್ದರೆ ಚರಂಡಿ ವಾಸನೆ ಬಾತ್‌ರೂಮಿಗೇ. ಕಟ್ಟಿದ ಬಾಗು ದಿನ ಕಳೆದಂತೆ ಸಡಿಲವಾಗುತ್ತೆ. ಜರಿಯ ಮಡಿಕೆಗಳಲ್ಲಿ ಸೋಪು, ಕೂದಲು ಕೂರುತ್ತೆ. ಬಾಟಲ್ ಟ್ರ್ಯಾಪ್ ಆದರೆ ತಳ ತಿರುಗಿಸಿ ತೊಳೆದು ಹಾಕಬಹುದು. ಗೋಡೆ ಒಡೆಯುವ ಹಾಗಿಲ್ಲದ ಹಳೇ ಮನೆಗೆ ಜರಿ ಪೈಪ್ ಇರಲಿ, ಹೊಸ ಕೆಲಸಕ್ಕೆ ಬೇಡ.

ಸದಸ್ಯೆ 2: ನಮ್ಮನೆಯ ಟೇಬಲ್ ಟಾಪ್ ಬೇಸಿನ್ ಕೆಳಗೆ ತೊಟ್ಟಿಕ್ಕುತ್ತೆ. ಹಾಗಾದ್ರೆ ನಮ್ಮದೂ ಪೈಪಿನ ಎತ್ತರದ ತಪ್ಪಾ? ಎರಡು ಸಲ ಟ್ರ್ಯಾಪ್ ಬದಲಾಯಿಸಿದ್ದೂ ಆಯ್ತು.

ಪ್ಲಂಬರ್: ಮೇಡಂ, ಎತ್ತರದ್ದಲ್ಲ ಅನ್ನಿಸುತ್ತೆ. ಮುಚ್ಚಳ ಹಾಕಿ ನೀರು ತುಂಬಿಸಿಡಿ. ಆಗ ತೊಟ್ಟಿಕ್ಕದೆ, ಮುಚ್ಚಳ ತೆಗೆದಾಗ ಮಾತ್ರ ತೊಟ್ಟಿಕ್ಕಿದರೆ ಕಪ್ಲಿಂಗ್ ನೋಡಿ. ಅಂಚಿನ ಹತ್ತಿರ ಓವರ್‌ಫ್ಲೋ ತೂತು ಇರುವ ಬೇಸಿನ್ನಿಗೆ ಹಾಫ್ ಥ್ರೆಡ್ ಕಪ್ಲಿಂಗ್. ಅದರ ಪಕ್ಕದಲ್ಲಿ ಕಿಂಡಿ ಇರುತ್ತೆ. ಆ ತೂತಿಲ್ಲದ ಬೇಸಿನ್ನಿಗೆ ಫುಲ್ ಥ್ರೆಡ್ಡೇ ಬೇಕು. ತಪ್ಪಿ ಹಾಫ್ ಥ್ರೆಡ್ ಹಾಕಿದ್ದರೆ ನೀರು ಆ ಕಿಂಡಿಯಿಂದ ಹೊರಗೆ ನುಗ್ಗಿ ನಟ್ಟಿನ ಸಂದಿಯಲ್ಲಿ ಇಳಿಯುತ್ತೆ. ಟ್ರ್ಯಾಪ್ ಎಷ್ಟು ಸಲ ಬದಲಾಯಿಸಿದರೂ ಅಷ್ಟೇ.

ಸದಸ್ಯೆ 2: ಅಯ್ಯೋ, ನಮ್ಮದರಲ್ಲಿ ಆ ತೂತೇ ಇಲ್ಲ! ಇವತ್ತೇ ಬಿಚ್ಚಿಸಿ ನೋಡ್ತೇನೆ.

ಪ್ರಶ್ನೆ ಕೇಳಿದವರು: ಸರ್, ವಾಲ್ ಹಂಗ್ ಹಾಕಿದರೆ ಗೋಡೆ ಕೊರೆಯೋದು ತಪ್ಪುತ್ತಾ? ನಲ್ಲಿ ವಿಷಯ ಹೇಳಲೇ ಇಲ್ಲ.

ಪ್ಲಂಬರ್: ಇಲ್ಲ, ಆಗಲೂ ಕೊರೆಯಲೇಬೇಕು. ಅಂಚು 33ರಲ್ಲಿಟ್ಟರೆ ಆಳದ ವಾಲ್ ಹಂಗ್ ಬೇಸಿನ್ನಿನ ತಳವೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತೆ. ಅದರಲ್ಲಿ ಅಂಚನ್ನು ಒಂದಿಂಚು ಏರಿಸಿಕೊಳ್ಳಬಹುದು, ಆದರೆ ಭಾರವೆಲ್ಲ ಬೋಲ್ಟಿನ ಮೇಲೆ. ಟೊಳ್ಳು ಬ್ಲಾಕಿನ ಗೋಡೆಯಾದರೆ ನಾನು ಹಿಂಜರಿಯುತ್ತೇನೆ. ಪೆಡೆಸ್ಟಲಿನಲ್ಲಿ ಏರಿಸೋದೂ ಇಲ್ಲ, ಕಂಬದ ಎತ್ತರವೇ ಕೊನೆ. ಪೈಪಿನ ಬಾಯಿ ನಡುವಿನಿಂದ ಸ್ವಲ್ಪ ಆಚೀಚೆ ಇದ್ದರೂ ಕಂಬ ಮುಚ್ಚಲ್ಲ.

ಇನ್ನು ನಲ್ಲಿ. ಸಾಮಾನ್ಯ ಗಿಡ್ಡ ಪಿಲ್ಲರ್ ನಲ್ಲಿ ಸ್ಲ್ಯಾಬ್ ಮೇಲೆ ನಿಂತರೆ ಮೂತಿ ಬೇಸಿನ್ನಿನ ಅಂಚನ್ನೇ ದಾಟಲ್ಲ. ನೀರು ಬೀಳುವ ಮೂತಿ ಅಂಚಿಗಿಂತ ಸುಮಾರು 4 ಇಂಚು ಮೇಲಿರಲಿ. 6 ಇಂಚಿನ ಬೇಸಿನ್ನಿಗೆ ಸ್ಲ್ಯಾಬಿನಿಂದ ಮೂತಿಗೆ 10 ಇಂಚು ಬೇಕು. ನಲ್ಲಿಯ ಒಟ್ಟು ಎತ್ತರ ನೋಡಿ ಮೋಸ ಹೋಗಬೇಡಿ, ಮೂತಿವರೆಗೆ ಅಳೆಯಿರಿ. ಇನ್ನೂ ಜಾಸ್ತಿ ಎತ್ತರವಾದರೆ ನೀರು ಸಿಡಿಯುತ್ತೆ. ನಲ್ಲಿ ತೂತಿನಿಂದ ಬೇಸಿನ್ನಿನ ನಡುಭಾಗ ಎಷ್ಟು ದೂರ ಅನ್ನೋದನ್ನೂ ನೋಡಿ. ಮೂತಿ ಚಿಕ್ಕದಾದರೆ ನೀರು ಬೇಸಿನ್ನಿನ ಹಿಂಬದಿಗೆ ಹೊಡೆದು, ಕೈ ತೊಳೆಯಲು ಜಾಗವೇ ಸಿಗಲ್ಲ.

ಸದಸ್ಯ 1: ಗೋಡೆಯಿಂದ ಬರುವ ನಲ್ಲಿ ಹಾಕಿದರೆ ಸ್ಲ್ಯಾಬ್ ಒರೆಸೋದು ಸುಲಭ ಅಲ್ವಾ?

ಪ್ಲಂಬರ್: ಸುಲಭ ನಿಜ. ಆದರೆ ಅದರ ಬಾಡಿ ಗೋಡೆಯೊಳಗೆ. ಟೈಲ್ಸ್ ಮತ್ತು ಗಾರೆಯ ದಪ್ಪ ಕಳೆದ ಮೇಲೆ ಮೂತಿ ಎಷ್ಟು ಮುಂದೆ ಬರುತ್ತೆ ಅಂತ ಈಗಲೇ ಲೆಕ್ಕ ಹಾಕಬೇಕು. ನನಗಂತೂ ರಿಪೇರಿಗೆ ಕೈಗೆ ಸಿಗುವ ಉದ್ದನೆಯ ಪಿಲ್ಲರ್ ನಲ್ಲಿಯೇ ಇಷ್ಟ. ಅದು ನನ್ನ ಅಭಿಪ್ರಾಯ, ಅಷ್ಟೇ.

ಪ್ರಶ್ನೆ ಕೇಳಿದವರು: ಬಾಯಿ 18ಕ್ಕೆ ಇಳಿಸಲು ಮೇಸ್ತ್ರಿ ಒಪ್ಪಿದ್ರು. ಮನೆಯವರು ಇನ್ನೂ ಪೆಡೆಸ್ಟಲ್ ಅಂತಲೇ ಇದ್ದಾರೆ.

ಪ್ಲಂಬರ್: ಅದನ್ನು ನೀವಿಬ್ಬರೇ ಮಾತಾಡಿಕೊಳ್ಳಿ. ಸ್ಲ್ಯಾಬ್ ಆದರೆ, ಬೇಸಿನ್ ಮತ್ತು ನಲ್ಲಿ ಎರಡನ್ನೂ ಅದರ ಮೇಲಿಟ್ಟು ಪೆನ್ಸಿಲ್ ಗುರುತು ಹಾಕುವ ತನಕ ತೂತು ಕೊರೆಯಲು ಬಿಡಬೇಡಿ.