ಅಪ್‌ಡೇಟ್: ಯೋಗ ಸ್ಟುಡಿಯೋ ರೆಂಡರ್‌ಗೆ ಬೆಳಗಿನ ಬೆಳಕು ಬಂತು

ನಾನು ಕೇಳಿದ್ದು: "ಜಯನಗರದ ಯೋಗ ಸ್ಟುಡಿಯೋಗೆ ಬ್ಲೆಂಡರ್‌ನಲ್ಲಿ ರೆಂಡರ್ ಮಾಡ್ತಿದ್ದೀನಿ. ಮರದ ನೆಲ, ಪೂರ್ವಕ್ಕೆ ದೊಡ್ಡ ಕಿಟಕಿ. ಆದರೂ ಬೆಳಕು ಮಧ್ಯಾಹ್ನದ ಹಾಗಿದೆ. ಏನು ಮಾಡಲಿ?"

ಸೂರ್ಯನ ಎತ್ತರ ನೋಡಿ ಎಂದವರ ಮಾತೇ ಸರಿ. Sun Position ಆಡ್‌-ಆನ್‌ನಲ್ಲಿ ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59, ಟೈಮ್ ಝೋನ್ 5.5 ಕೊಟ್ಟೆ. ಮಾರ್ಚ್ 21, ಬೆಳಗ್ಗೆ 8:30ಕ್ಕೆ ಸೂರ್ಯ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಕಿಟಕಿಯ ಮೇಲಂಚು 2.4 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಬಿಸಿಲು 4 ಮೀಟರ್ ಒಳಗೆ ಬಂದು ನಿಲ್ಲುತ್ತದೆ. 7:30ಕ್ಕೆ ಸೂರ್ಯ ಸುಮಾರು 15 ಡಿಗ್ರಿ. ಆಗ ಬಿಸಿಲು 7 ಮೀಟರ್ ಕೋಣೆಯನ್ನು ದಾಟಿ ಎದುರು ಗೋಡೆಯನ್ನೂ ಹತ್ತುತ್ತದೆ. ಒಂದೇ ಗಂಟೆಯಲ್ಲಿ ಇಷ್ಟು ವ್ಯತ್ಯಾಸ! ಕಿಟಕಿಯಾಚೆ ಮರ, ಕಟ್ಟಡ ಇಲ್ಲದಿದ್ದರೆ ಮಾತ್ರ, ಅದು ಜಯನಗರದಲ್ಲಿ ಕಷ್ಟವೇ. ಅದಕ್ಕೇ ಹೊರಗೆ ಒಂದು ಮರ ಇಟ್ಟು ಬಿಸಿಲನ್ನು ಚೂರುಚೂರು ಮಾಡಿದೆ.

ನೆರಳಿನ ಅಂಚು ಚಾಕುವಿನ ಹಾಗಿತ್ತು. ಸನ್ ಲೈಟಿನ Angle ಅನ್ನು 0.53ರಿಂದ 2 ಡಿಗ್ರಿಗೆ ಏರಿಸಿದೆ. ನಿಜವಾದ ಸೂರ್ಯ ಅಷ್ಟು ಅಗಲ ಇಲ್ಲ, ಆದರೆ ಕಣ್ಣಿಗೆ ಹಿತ.

ಇಷ್ಟು ಓರೆ ಬೆಳಕಿನಲ್ಲಿ ನೆಲ ಕನ್ನಡಿಯಂತೆ ಹೊಳೆಯಿತು, ಮರದ ಗೆರೆಗಳೇ ಮಾಯ. Roughness 0.2ರಿಂದ 0.45ಕ್ಕೆ ಹೋದ ಮೇಲೆ ಗೆರೆ ಮರಳಿ ಬಂದವು. ಕಿಟಕಿಗೆ ಮುಖ ಮಾಡಿದ್ದ ಕ್ಯಾಮೆರಾವನ್ನೂ ಪಕ್ಕದ ಗೋಡೆಗೆ ಸರಿಸಿದೆ.

ಗಿಡದ ಕುಂಡ, ದೀಪ, ಬುದ್ಧನ ಮೂರ್ತಿ ಎಲ್ಲ ತೆಗೆದೆ. ನಾಲ್ಕು ಮ್ಯಾಟ್ ಸಾಕು, ಅಲ್ವಾ? ಮೂರ್ತಿ ವಾಪಸ್ ಬೇಕು ಅಂತ ಕ್ಲೈಂಟ್ ಹೇಳ್ತಿದ್ದಾರೆ.