ಸಹಾಯ ಬೇಕು: ಎರರ್ ಕಡಿಮೆ ಮಾಡಲು ಹೋದರೆ ಸಿಸ್ಟಮ್ಮೇ ಅಸ್ಥಿರವಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವಳು, ಹತ್ತನೇವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಎಲೆಕ್ಟ್ರಿಕಲ್ ಓದುತ್ತಿದ್ದೇನೆ. ಯುನಿಟಿ ಫೀಡ್‌ಬ್ಯಾಕಿನ ಒಂದು ಲೆಕ್ಕದಲ್ಲಿ ಎರಡು ದಿನದಿಂದ ಸಿಕ್ಕಿಬಿದ್ದಿದ್ದೇನೆ.

`G(s) = K/(s(s+1)(s+5))`

ಛೇದದಲ್ಲಿ ಒಂದೇ `s` ಇರುವುದರಿಂದ ಇದು ಟೈಪ್ 1. ಸ್ಟೆಪ್ ಇನ್‌ಪುಟ್‌ಗೆ ಎರರ್ ಸೊನ್ನೆ, ಅದು ಸರಿ. ಯುನಿಟ್ ರ‍್ಯಾಂಪಿಗೆ ಎರರ್ 0.1 ಇರಬೇಕು ಎಂದು ಪ್ರಶ್ನೆ. `Kv = K/5`, ಎರರ್ `1/Kv`. ಹಾಗಾಗಿ `K = 50` ಎಂದು ಬರೆದೆ. ಸಿಮ್ಯುಲೇಶನ್‌ನಲ್ಲಿ ಹಾಕಿದರೆ ಗೆರೆ ನಿಲ್ಲುವುದೇ ಇಲ್ಲ, ತೂಗಾಟ ದೊಡ್ಡದಾಗುತ್ತಲೇ ಹೋಗುತ್ತದೆ.

ಆಮೇಲೆ ರೌತ್ ಪಟ್ಟಿ ಮಾಡಿ ನೋಡಿದೆ: `s³+6s²+5s+K`, ಸ್ಥಿರವಾಗಿರಲು `K` 30ಕ್ಕಿಂತ ಕಡಿಮೆ ಇರಬೇಕು. ಅಂದರೆ ಎರರ್ 1/6ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಅಸ್ಥಿರವಾದಾಗ ಫೈನಲ್ ವ್ಯಾಲ್ಯೂ ಥಿಯರಮ್ಮೇ ಅನ್ವಯಿಸದು, ಆ 0.1ಕ್ಕೆ ಅರ್ಥವಿಲ್ಲ ಎಂಬುದು ಆಗ ಹೊಳೆಯಿತು. ಇನ್ನೊಂದು `1/s` ಸೇರಿಸಿ ಟೈಪ್ 2 ಮಾಡಿದೆ. ಆಗ `s` ಪದವೇ ಮಾಯ, ಯಾವ `K`ಗೂ ಸ್ಥಿರವಿಲ್ಲ.

ಈಗ `K = 5` ಇಟ್ಟು `(s+0.1)/(s+0.01)` ಲ್ಯಾಗ್ ಸೇರಿಸಿದರೆ `Kv` 10 ಆಗುತ್ತದೆ, ಆದರೆ ಎರರ್ ಬಹಳ ನಿಧಾನ ಇಳಿಯುತ್ತದೆ. ಝೀರೋವನ್ನು ಎಲ್ಲಿಡಬೇಕು ಎಂದು ಹೇಗೆ ನಿರ್ಧರಿಸುತ್ತೀರಿ? ಗೊತ್ತಿರುವವರು ದಯವಿಟ್ಟು ತಿಳಿಸಿ.