‘ಸೋಲೇ ಗೆಲುವಿನ ಮೆಟ್ಟಿಲು’: ಈ ಮೆಟ್ಟಿಲು ಸವೆದಿದೆ, ಏನು ಬರೆಯಲಿ?

ಪ್ರಶ್ನೆ: ಹೈಸ್ಕೂಲಿನಲ್ಲಿ ದಿನಾ ಬೋರ್ಡಿನ ಮೂಲೆಯಲ್ಲಿ ಸುವಿಚಾರ ಬರೆಯುವ ಕೆಲಸ ನನ್ನದು. ನಿನ್ನೆ ‘ಸೋಲೇ ಗೆಲುವಿನ’ ಅಂತ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ‘ಮೆಟ್ಟಿಲು’ ಅಂತ ಕೂಗಿದರು. ಸವೆದ ಮಾತನ್ನು ಮೊದಲೇ ಗುರುತಿಸುವುದು ಹೇಗೆ? ಅದರ ಬದಲು ಏನು ಬರೆಯಲಿ?

ನಿವೃತ್ತ ಕನ್ನಡ ಮೇಷ್ಟ್ರು: ಹಿಂದಿನ ಬೆಂಚಿನವರೇ ಪರೀಕ್ಷೆ ಮಾಡಿಕೊಟ್ಟಿದ್ದಾರಲ್ಲ! ನಾನು ಸಾಲಿನ ಅರ್ಧ ಮುಚ್ಚಿ ಮನೆಯವರಿಗೆ ತೋರಿಸುತ್ತಿದ್ದೆ. ಉಳಿದದ್ದನ್ನು ಅವರೇ ಹೇಳಿದರೆ ಆ ಸಾಲು ಬೇಡ. ಅದೇ ಸಾಲನ್ನು ಕ್ರಿಕೆಟ್ ಟೀಮಿಗೆ, ಅಂಗಡಿ ಉದ್ಘಾಟನೆಗೆ ಹಚ್ಚಿಯೂ ನೋಡಿ. ಎಲ್ಲಾ ಕಡೆ ಸರಿಹೋದರೆ ಅದು ನಿಮ್ಮ ಮಕ್ಕಳಿಗೆ ಹೇಳಿದ ಮಾತಲ್ಲ.

ಬದಲಿಸುವಾಗ ಹೋಲಿಕೆ ಹುಡುಕಲು ಓಡಬೇಡಿ. ಮೊದಲು ‘ಯಾವ ಸೋಲು?’ ಅಂತ ಕೇಳಿಕೊಳ್ಳಿ. ಹತ್ತನೇ ಕ್ಲಾಸಿನ ಹುಡುಗನ ಸೋಲು ಅಂದರೆ ವರ್ಗ ಸಮೀಕರಣದಲ್ಲಿ ಮೈನಸ್ ಬಿಟ್ಟು ಉತ್ತರ ತಪ್ಪಿದ್ದು. ಆಮೇಲೆ ಅವನು ಏನು ಮಾಡುತ್ತಾನೆ? ಹಾಳೆ ಮಡಚಿ ಬ್ಯಾಗಿನ ತಳಕ್ಕೆ ತುರುಕುತ್ತಾನೆ. ಹಾಗಾದರೆ ಸಾಲು ಇದು: ‘ಕೆಂಪು ಗೆರೆ ಬಿದ್ದ ಜಾಗದಿಂದಲೇ ಲೆಕ್ಕ ಮುಂದುವರಿಸು.’ ಸೋಲು, ಗೆಲುವು ಎರಡೂ ಪದ ಇಲ್ಲ, ಗಮನಿಸಿ. ಮೆಟ್ಟಿಲಿನ ಮಾತಿನಲ್ಲಿ ಸೋತರೆ ಸಾಕು, ಮೇಲೆ ಹೋಗುತ್ತೀಯ ಅನ್ನುವ ಸುಳ್ಳೂ ಇತ್ತು.

ಜಾಹೀರಾತು ಬರೆಯುವವಳು: ಇಷ್ಟೆಲ್ಲ ಯಾಕೆ? ಮೆಟ್ಟಿಲಿನ ಬದಲು ‘ಲಿಫ್ಟ್’ ಅನ್ನಿ, ಇವತ್ತಿನ ಮಕ್ಕಳಿಗೆ ಹೊಸದಾಗಿ ಕೇಳುತ್ತದೆ.

ನಿವೃತ್ತ ಕನ್ನಡ ಮೇಷ್ಟ್ರು: ಹೊಸದಾಗಿ ಕೇಳುತ್ತದೆ, ನಿಜ. ಆದರೆ ಲಿಫ್ಟಿನಲ್ಲಿ ಸುಮ್ನೆ ನಿಂತರೆ ಸಾಕಲ್ವಾ ತಾಯಿ? ಮೆಟ್ಟಿಲಾದರೂ ಹತ್ತಿಸುತ್ತಿತ್ತು.

ಹಾವೇರಿ ಕಡೆಯವನು: ನಮ್ಮಲ್ಲಿ ಗುಳಿಯಲ್ಲಿ ನೆಟ್ಟ ರಾಗಿಗೆ, ಪೈರು ಎಳೆಯದಾಗಿರುವಾಗಲೇ, ಎತ್ತು ಕಟ್ಟಿ ಕೊರಡು ಅನ್ನುವ ಮರದ ದಿಮ್ಮಿ ಎಳೆಯುತ್ತಾರೆ. ಪೈರು ಬಾಗಿ ಮಲಗುತ್ತದೆ, ಆಮೇಲೆ ಬುಡದಿಂದ ಜಾಸ್ತಿ ತೆಂಡೆ, ಅಂದರೆ ಹೊಸ ಕವಲು, ಒಡೆಯುತ್ತದೆ. ‘ಕೊರಡು ಹಾದ ರಾಗಿ ತೆಂಡೆ ಒಡೆಯುತ್ತದೆ’ ಅಂತ ಬರೆಯಬಹುದು. ತೆನೆ ಬಂದ ಮೇಲೆ ಎಳೆದರೆ ಮಾತ್ರ ಬೆಳೆ ಹಾಳು.

ಇಬ್ಬರು ಮಕ್ಕಳ ತಾಯಿ: ಸಾಲು ಚೆನ್ನಾಗಿದೆ. ಆದರೆ ‘ನೋಡು, ಹೊಡೆದರೇ ನೀನು ಉದ್ಧಾರ ಆಗೋದು’ ಅಂತ ನಮ್ಮ ಮನೆಯವರು ಅದನ್ನೇ ಹಿಡಿದುಕೊಳ್ಳುತ್ತಾರೆ. ಪೇಟೆ ಮಕ್ಕಳಿಗೆ ಕೊರಡು ಗೊತ್ತಾ, ಅದೂ ಇದೆ.

ಹಾವೇರಿ ಕಡೆಯವನು: ಗೊತ್ತಿಲ್ಲದಿದ್ದರೆ ಕೇಳುತ್ತಾರೆ, ಒಳ್ಳೆಯದೇ. ಹೊಡೆತದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಜಿಮ್ ನಡೆಸುವವನು: ನಮ್ಮ ಗೋಡೆಗೂ ಒಂದು ಸಾಲು ಬೇಕಿತ್ತು. ಸಿಂಹದ ಫೋಟೋ ಈಗಾಗಲೇ ಅಂಟಿಸಿದ್ದೇವೆ.

ನಿವೃತ್ತ ಕನ್ನಡ ಮೇಷ್ಟ್ರು: ಮೊದಲು ಸಿಂಹ ಕೀಳಿ. ಜನವರಿಯಲ್ಲಿ ಸೇರಿದವರು ಬರುವುದನ್ನು ಯಾವಾಗ ನಿಲ್ಲಿಸುತ್ತಾರೆ, ಕೊನೆಯ ದಿನ ಏನು ನೆಪ ಹೇಳುತ್ತಾರೆ, ಅದನ್ನು ಹೇಳಿ. ಸಾಲು ಅಲ್ಲಿದೆ.

ಕೇಳಿದವರು: ಇವತ್ತು ಕೆಂಪು ಗೆರೆಯ ಸಾಲು ಬರೆದೆ. ಯಾರೂ ಕೂಗಲಿಲ್ಲ. ಒಬ್ಬಳು ಮಾತ್ರ, ‘ಮಿಸ್, ನನ್ನ ಹಾಳೆ ತುಂಬ ಕೆಂಪೇ, ಎಲ್ಲಿಂದ ಶುರು ಮಾಡಲಿ?’ ಅಂದಳು.